ಮರಿ ಯಾವ ತಾರೀಖಿಗೆ ಹೊರಗೆ ಬರುತ್ತದೆ? 21 ದಿನದ ಲೆಕ್ಕ ಹಾಕಿದ ನಮ್ಮ ಅನುಭವ

ಇನ್‌ಕ್ಯುಬೇಟರ್ ತೊಳೆದು ಒಣಗಲು ಇಟ್ಟು ಇದನ್ನು ಬರೆಯಲು ಕೂತಿದ್ದೇನೆ. ಕೋಳಿ ಮೊಟ್ಟೆಗೆ 21 ದಿನ ಕಾವು ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ನಮಗೂ ಗೊತ್ತಿತ್ತು. ಆದರೆ ಮೊಟ್ಟೆ ಇಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಯಾವ ತಾರೀಖಿಗೆ ಗುರುತು ಹಾಕಬೇಕು ಎಂದು ಕೇಳಿದಾಗ ಮೂರು ಜನ ಮೂರು ತಾರೀಖು ಹೇಳಿದರು. ಒಂದು ದಿನ ಆಚೆ ಈಚೆ ಆದರೆ ಏನಾಯಿತು ಎಂದು ಮೊದಲು ನನಗೂ ಅನ್ನಿಸಿತ್ತು. ಆಮೇಲೆ ತಿಳಿಯಿತು, ಮೊಟ್ಟೆ ತಿರುಗಿಸುವುದನ್ನು ಯಾವತ್ತು ನಿಲ್ಲಿಸಬೇಕು, ನೀರು ಯಾವತ್ತು ಜಾಸ್ತಿ ಮಾಡಬೇಕು, ಬಾರದ ಮೊಟ್ಟೆಯನ್ನು ಎಲ್ಲಿಯವರೆಗೆ ಕಾಯಬೇಕು, ಇದೆಲ್ಲ ಆ ಒಂದು ತಾರೀಖಿನ ಮೇಲೆ ನಿಂತಿದೆ.

ನಾವು ಮೊಟ್ಟೆ ಇಟ್ಟದ್ದು ಫೆಬ್ರವರಿ 18ರ ಶನಿವಾರ, ಸಂಜೆ 7 ಗಂಟೆಗೆ. ಹಿಂದಿನ ದಿನವೇ ಮೆಷಿನ್ ಖಾಲಿ ಓಡಿಸಿ, ಬಿಸಿ ಒಂದೇ ಸಮ ನಿಂತಿದೆಯಾ ಎಂದು ನೋಡಿಕೊಂಡಿದ್ದೆವು. ನಮ್ಮದು ಒಳಗೆ ಫ್ಯಾನ್ ಇರುವ ಮೆಷಿನ್, ಅದಕ್ಕೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಮೊಟ್ಟೆ ಇಟ್ಟ ತಕ್ಷಣ ಬಿಸಿ ಇಳಿಯಿತು. ಅಷ್ಟು ಮೊಟ್ಟೆ ಒಳಗಿನವರೆಗೆ ಕಾಯಬೇಕಲ್ಲ, ಮತ್ತೆ ಮೇಲಕ್ಕೆ ಬರಲು ಕೆಲವು ಗಂಟೆ ಹಿಡಿಯಿತು. ಆಗ ಗಾಬರಿಯಾಗಿ ಬಿಸಿ ಏರಿಸಲು ಹೋಗಬೇಡಿ. ಸುಮ್ನೆ ಬಿಟ್ಟರೆ ತಾನೇ ಸರಿಹೋಗುತ್ತದೆ. ಈ ಕಾಯುವ ಸಮಯವನ್ನು ಲೆಕ್ಕದಿಂದ ಕಳೆಯಬೇಕಾ ಎನ್ನುವುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಬೇಡ. 21 ದಿನ ಎನ್ನುವ ಲೆಕ್ಕವನ್ನು ಮೊಟ್ಟೆ ಒಳಗೆ ಹೋದ ಗಳಿಗೆಯಿಂದಲೇ ಹಿಡಿಯುತ್ತಾರೆ.

ಅಲ್ಲಿಂದ ತಾರೀಖಿನ ಗೊಂದಲ ಶುರು. ಶನಿವಾರವೇ ಒಂದನೇ ದಿನ, ಭಾನುವಾರ ಎರಡನೇ ದಿನ ಎಂದು ಬೆರಳು ಮಡಚುತ್ತಾ ಹೋದವರಿಗೆ ಮಾರ್ಚ್ 10 ಬಂತು. ಸಂಜೆ ಇಟ್ಟದ್ದಲ್ವಾ, ಆ ದಿನ ಬಿಡಿ, ಭಾನುವಾರ ಇಟ್ಟ ಹಾಗೆ ಹಿಡಿದು 21 ಕೂಡಿಸಿ ಎಂದವರಿಗೆ ಮಾರ್ಚ್ 12. ಮೆಷಿನ್ ಜೊತೆ ಬಂದ ಪುಸ್ತಕದ ಪ್ರಕಾರ ಮಾರ್ಚ್ 11. ಪುಸ್ತಕದ್ದೇ ಸರಿ. ಇಲ್ಲಿ ದಿನ ಎಂದರೆ ತುಂಬಿದ 24 ಗಂಟೆ. ಶನಿವಾರ ಸಂಜೆ 7ಕ್ಕೆ ಆಗಿರುವುದು ಸೊನ್ನೆ ದಿನ. ಭಾನುವಾರ ಸಂಜೆ 7ಕ್ಕೆ ಒಂದು ದಿನ ತುಂಬಿತು. ಹಾಗೆಯೇ ಹೋದರೆ 21 ದಿನ ತುಂಬುವುದು ಮಾರ್ಚ್ 11ರ ಶನಿವಾರ ಸಂಜೆ 7ಕ್ಕೆ.

ಇದನ್ನು ನನ್ನ ಮನಸ್ಸಿನಲ್ಲಿ ಗಟ್ಟಿ ಮಾಡಿದವರು ಪಕ್ಕದ ಮನೆಯ ಅಜ್ಜಿ. ಅವರು ಕೋಳಿ ಸಾಕಿ ಹಳಬರು. ನಾನು ಕಾಗದ ಪೆನ್ನು ಹಿಡಿದು ಕೂತದ್ದು ನೋಡಿ, "ದಿನ ಯಾಕೆ ಎಣಿಸ್ತೀಯಾ ಮಗಾ? ರಾತ್ರಿ ಎಣಿಸು. ಇಪ್ಪತ್ತೊಂದು ರಾತ್ರಿ ಕಳೆದು ಬೆಳಗಾದರೆ ಅದೇ ದಿನ" ಎಂದರು. ಕೂತು ಎಣಿಸಿ ನೋಡಿದೆ. ಫೆಬ್ರವರಿ 18ರ ರಾತ್ರಿ ಒಂದು, 19ರ ರಾತ್ರಿ ಎರಡು, ಹೀಗೆ 28ರ ರಾತ್ರಿಗೆ ಹನ್ನೊಂದು. ಮಾರ್ಚ್ 1ರ ರಾತ್ರಿ ಹನ್ನೆರಡು, ಮಾರ್ಚ್ 10ರ ರಾತ್ರಿ ಇಪ್ಪತ್ತೊಂದು. ಬೆಳಗಾದರೆ ಮಾರ್ಚ್ 11. ಬೆಳಿಗ್ಗೆ ಇಟ್ಟರೂ ಸಂಜೆ ಇಟ್ಟರೂ ಈ ಲೆಕ್ಕ ಕೆಡುವುದಿಲ್ಲ. ಇಟ್ಟ ದಿನವನ್ನು ಸೇರಿಸಬೇಕೋ ಬಿಡಬೇಕೋ ಎನ್ನುವ ಪ್ರಶ್ನೆಯೇ ಏಳುವುದಿಲ್ಲ.

ತಾಳೆ ನೋಡಲು ಇನ್ನೊಂದು ದಾರಿಯೂ ಇದೆ. 21 ದಿನ ಎಂದರೆ ಸರಿಯಾಗಿ ಮೂರು ವಾರ. ಅಂದ ಮೇಲೆ ಇಟ್ಟ ವಾರವೇ ಮರಿ ಬರುವ ವಾರವೂ ಆಗಬೇಕು. ಶನಿವಾರ ಇಟ್ಟರೆ ಶನಿವಾರ. ನಿಮ್ಮ ಲೆಕ್ಕದಲ್ಲಿ ಶುಕ್ರವಾರವೋ ಭಾನುವಾರವೋ ಬಂದಿದ್ದರೆ ಎಲ್ಲೋ ಒಂದು ದಿನ ಹೆಚ್ಚು ಕಮ್ಮಿ ಆಗಿದೆ. ತಿಂಗಳು ದಾಟುವಾಗ ಇದು ತುಂಬಾ ಉಪಯೋಗಕ್ಕೆ ಬಂತು. 18ಕ್ಕೆ 21 ಕೂಡಿಸಿದರೆ 39. ಫೆಬ್ರವರಿಗೆ 28 ದಿನ, ಕಳೆದರೆ 11. ಅಧಿಕ ವರ್ಷವಾದರೆ 29 ಕಳೆಯಬೇಕು, ಆಗ ಮಾರ್ಚ್ 10 ಬರುತ್ತದೆ. 31 ದಿನದ ತಿಂಗಳಾದರೆ 31 ಕಳೆಯಿರಿ. ತಾರೀಖು ಬದಲಾದರೂ ವಾರ ಮಾತ್ರ ಬದಲಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಸ್ಪ್ರೆಡ್‌ಶೀಟಿನ A2 ಮನೆಯಲ್ಲಿ ಇಟ್ಟ ತಾರೀಖು ಬರೆದು, ಪಕ್ಕದ ಎರಡು ಮನೆಗಳಲ್ಲಿ ಹೀಗೆ ಹಾಕಿದರೆ ಸಾಕು. ಮೊದಲನೆಯದು ತಿರುಗಿಸುವುದನ್ನು ನಿಲ್ಲಿಸುವ ತಾರೀಖು, ಎರಡನೆಯದು ಮರಿ ಬರುವ ತಾರೀಖು:

```
=A2+18
=A2+21
```

ತಾರೀಖಿನ ಬದಲು ಐದಂಕಿಯ ಯಾವುದೋ ಸಂಖ್ಯೆ ಕಂಡರೆ ಆ ಮನೆಯನ್ನು ತಾರೀಖಿನ ರೂಪಕ್ಕೆ ಬದಲಿಸಬೇಕು, ಅಷ್ಟೇ.

ಈಗ ಮೆಷಿನ್ ಮೇಲಿನ ಅಂಕಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನೇ ನಂಬಿಕೊಂಡು ಕೂರುತ್ತಾರೆ. ನಮ್ಮ ಮೆಷಿನ್ ಆನ್ ಮಾಡಿದ ತಕ್ಷಣ 1 ಎಂದು ತೋರಿಸುತ್ತದೆ. ಅಂದರೆ ಈಗ ನಡೆಯುತ್ತಿರುವುದು ಒಂದನೇ ದಿನ, ತುಂಬಿದ ದಿನ ಸೊನ್ನೆ. ಅದು 18 ಎಂದು ತೋರಿಸುವಾಗ ನಿಜಕ್ಕೂ ತುಂಬಿರುವುದು 17 ದಿನ. ಹಾಗಾಗಿ 18 ದಿನ ತುಂಬಿತು ಎನ್ನಲು ಪರದೆಯಲ್ಲಿ 19 ಬರುವವರೆಗೆ ಕಾಯಬೇಕು. ಬೇರೆ ಕೆಲವು ಮೆಷಿನ್‌ಗಳು 21ರಿಂದ ಕೆಳಗೆ ಎಣಿಸುತ್ತವೆ, ಅವುಗಳಲ್ಲಿ 3 ಕಂಡಾಗ 18 ದಿನ ತುಂಬಿರುತ್ತದೆ. ನಿಮ್ಮದು ಯಾವ ರೀತಿ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಇನ್ನೊಂದು ಮಾತು, ಹಿಂದಿನ ದಿನ ಖಾಲಿ ಓಡಿಸಿದ್ದರೆ ಅದು ಆ ದಿನವನ್ನೂ ಎಣಿಸಿಬಿಟ್ಟಿರುತ್ತದೆ. ಮೊಟ್ಟೆ ಇಡುವಾಗ ಎಣಿಕೆಯನ್ನು ಮತ್ತೆ ಮೊದಲಿಗೆ ತರಬೇಕು.

ಇಷ್ಟೆಲ್ಲ ಜೋಪಾನ ಮಾಡಿದರೂ ಎರಡನೇ ವಾರದಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ಬೆಳಗಿನ ಜಾವ ಬಂದಾಗ ಪರದೆಯಲ್ಲಿ ಮತ್ತೆ 1 ಎಂದು ತೋರಿಸುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಇಟ್ಟ ದಿನ, ಗಂಟೆ ಎರಡನ್ನೂ ಬರೆದಿದ್ದರಿಂದ ಲೆಕ್ಕ ಉಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ, ನಿಜ. ಎದ್ದೆದ್ದು ಹೋಗಿ ಗಾಜಿನ ಮೇಲೆ ಕೈ ಇಟ್ಟು ನೋಡುತ್ತಿದ್ದೆ. ಮುಚ್ಚಳ ಮಾತ್ರ ತೆಗೆಯಲಿಲ್ಲ. ಗಾಳಿ ಆಡುವ ತೂತುಗಳನ್ನು ಬಿಟ್ಟು ಉಳಿದ ಕಡೆ ಕಂಬಳಿ ಹೊದಿಸಿದೆವು. ಮೊಟ್ಟೆಯ ಒಳಗಿನ ಬಿಸಿ ಅಷ್ಟು ಬೇಗ ಆರುವುದಿಲ್ಲ. ಕಾವಿಗೆ ಕೂತ ಹೇಂಟೆಯೂ ದಿನಕ್ಕೊಮ್ಮೆ ಮೇವಿಗೆ, ನೀರಿಗೆ ಎದ್ದು ಹೋಗುತ್ತದೆ, ಅಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತದೆ, ಮರಿ ಸಾಯುವುದಿಲ್ಲ. ಕೆಲವು ಗಂಟೆ ಕರೆಂಟ್ ಹೋದರೆ ಮರಿ ಬರುವುದು ಸ್ವಲ್ಪ ತಡವಾಗಬಹುದು. ಅದಕ್ಕಾಗಿ ತಾರೀಖನ್ನೇ ತಿದ್ದಿ ಬರೆಯಬೇಕಾಗಿಲ್ಲ, ಕೊನೆಯಲ್ಲಿ ಕಾಯುವ ಸಮಯ ಸ್ವಲ್ಪ ಜಾಸ್ತಿ ಇಟ್ಟುಕೊಂಡರೆ ಆಯಿತು.

ಇದರ ನಡುವೆಯೇ ನಮ್ಮ ಒಂದು ಹೇಂಟೆ ಹಿತ್ತಿಲಿನ ಮೂಲೆಯಲ್ಲಿ, ಕಟ್ಟಿಗೆ ರಾಶಿಯ ಹಿಂದೆ ಕಾವಿಗೆ ಕೂತಿರುವುದು ಕಂಡಿತು. ಹತ್ತಿರ ಹೋದರೆ ಗರಿ ಉಬ್ಬಿಸಿ ಗುರ್ ಎನ್ನುತ್ತಿತ್ತು. ಎದೆಯ ಗರಿ ಕಿತ್ತುಕೊಂಡಿತ್ತು. ಯಾವತ್ತು ಕೂತಿತು ಎಂದು ಯಾರಿಗೂ ಗೊತ್ತಿಲ್ಲ. ಮೊದಲ ಮೊಟ್ಟೆ ಇಟ್ಟ ದಿನದಿಂದ ಎಣಿಸಬಹುದಲ್ವಾ ಎಂದು ಮನೆಯಲ್ಲಿ ಕೇಳಿದರು. ಆಗುವುದಿಲ್ಲ. ಹೇಂಟೆ ಒಂದೊಂದೇ ಮೊಟ್ಟೆ ಇಡುತ್ತಾ ಹೋಗುತ್ತದೆ, ಆ ದಿನಗಳಲ್ಲಿ ಇಟ್ಟು ಎದ್ದು ಹೋಗುತ್ತದೆ, ಮೊಟ್ಟೆ ತಣ್ಣಗೆ ಇರುತ್ತದೆ. ತಣ್ಣಗಿರುವ ಮೊಟ್ಟೆಯಲ್ಲಿ ಬೆಳವಣಿಗೆ ನಿಂತಿರುತ್ತದೆ. ಸಾಕಷ್ಟು ಮೊಟ್ಟೆ ಸೇರಿದ ಮೇಲೆ ರಾತ್ರಿಯೂ ಅದರ ಮೇಲೆಯೇ ಮಲಗಲು ಶುರು ಮಾಡುತ್ತದೆ ನೋಡಿ, ಆವತ್ತೇ ಸೊನ್ನೆ ದಿನ. ಅದಕ್ಕೇ ಎಲ್ಲಾ ಮೊಟ್ಟೆಯೂ ಹೆಚ್ಚು ಕಡಿಮೆ ಒಟ್ಟಿಗೆ ಒಡೆಯುತ್ತವೆ.

ಆ ಸೊನ್ನೆ ದಿನವನ್ನು ಹಿಂದಕ್ಕೆ ಹೋಗಿ ಕಂಡುಹಿಡಿಯುವುದು ಹೇಗೆ? ಇಲ್ಲಿ ಮೆಷಿನ್‌ನ ಮೊಟ್ಟೆಗಳೇ ನೆರವಿಗೆ ಬಂದವು, ಯಾಕೆಂದರೆ ಅವುಗಳ ವಯಸ್ಸು ನಮಗೆ ಗಂಟೆ ಸಮೇತ ಗೊತ್ತಿತ್ತು. ಫೆಬ್ರವರಿ 25ರ ರಾತ್ರಿ ಅವುಗಳಿಗೆ 7 ದಿನ ತುಂಬಿತು. ಕೋಣೆ ಕತ್ತಲು ಮಾಡಿ, ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಒತ್ತಿ ನೋಡಿದೆವು. ಕೆಂಪು ನರಗಳು ಜೇಡನ ಬಲೆಯಂತೆ ಹರಡಿದ್ದವು, ನಡುವೆ ಒಂದು ಕಪ್ಪು ಚುಕ್ಕೆ ಅಲುಗಾಡುತ್ತಿತ್ತು. ಅದೇ ರಾತ್ರಿ ಹೇಂಟೆಯ ಕೆಳಗಿನಿಂದ ಒಂದು ಮೊಟ್ಟೆ ತೆಗೆದು ಅದೇ ಟಾರ್ಚಿಗೆ ಹಿಡಿದರೆ, ಒಳಗೆ ಕತ್ತಲು ಅರ್ಧದಷ್ಟು ಜಾಗ ತುಂಬಿತ್ತು. ಅಂದರೆ ಇದು ಮೆಷಿನ್‌ನ ಮೊಟ್ಟೆಗಿಂತ ಕೆಲವು ದಿನ ಮುಂದಿದೆ. ಒಂದು ಫೋಟೋ ತೆಗೆದುಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸ್ ಇಟ್ಟೆವು.

ಆಮೇಲೆ ಮೆಷಿನ್‌ನ ಮೊಟ್ಟೆ ಯಾವತ್ತು ಆ ಫೋಟೋದಲ್ಲಿ ಇರುವ ಹಾಗೆ ಕಾಣುತ್ತದೆ ಎಂದು ನೋಡುತ್ತಾ ಹೋದೆವು. ಫೆಬ್ರವರಿ 28ರ ರಾತ್ರಿ ಸುಮಾರಾಗಿ ಹೋಲುತ್ತಿತ್ತು, ಮಾರ್ಚ್ 1ರ ರಾತ್ರಿ ಹೆಚ್ಚು ಹೋಲುತ್ತಿತ್ತು. ಆಗ ಮೆಷಿನ್‌ನ ಮೊಟ್ಟೆಗೆ 10, 11 ದಿನ. ಹಾಗಾದರೆ ಹೇಂಟೆಯ ಮೊಟ್ಟೆಗೆ ಫೆಬ್ರವರಿ 25ಕ್ಕೆ 10ರಿಂದ 11 ದಿನ ಆಗಿತ್ತು. ಹಿಂದಕ್ಕೆ ಎಣಿಸಿದರೆ ಅದು ಕೂತದ್ದು ಫೆಬ್ರವರಿ 14 ಅಥವಾ 15ಕ್ಕೆ. 21 ಕೂಡಿಸಿದರೆ ಮಾರ್ಚ್ 7 ಅಥವಾ 8. ಒಂದು ದಿನದ ಅಂದಾಜು ಸಿಕ್ಕಿತು, ಅದಕ್ಕಿಂತ ಸೂಕ್ಷ್ಮವಾಗಿ ಟಾರ್ಚಿನಿಂದ ಹೇಳಲು ಬರುವುದಿಲ್ಲ. ಮೆಷಿನ್ ಇಲ್ಲದವರು ಒಂದು ಸುಮಾರಾದ ಅಳತೆ ಇಟ್ಟುಕೊಳ್ಳಬಹುದು. ಸಣ್ಣ ನರಗಳು ಮಾತ್ರ ಕಂಡರೆ 4, 5 ದಿನ. 14 ದಿನಕ್ಕೆ ಮುಕ್ಕಾಲು ಪಾಲು ಕಪ್ಪು. 18 ದಿನಕ್ಕೆ ದಪ್ಪ ತುದಿಯ ಗಾಳಿ ಜಾಗ ಬಿಟ್ಟು ಎಲ್ಲವೂ ಕಪ್ಪು. ತಿಳಿ ಬಣ್ಣದ ಸಿಪ್ಪೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಗಾಢ ಕಂದು ಸಿಪ್ಪೆಯಲ್ಲಿ ಕಷ್ಟ.

ಪೆನ್ಸಿಲ್ ಗುರುತಿಗೆ ಇನ್ನೊಂದು ಕಾರಣವೂ ಇದೆ. ಬೇರೆ ಕೋಳಿಗಳು ಅದೇ ಗೂಡಿಗೆ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಆ ಹೊಸ ಮೊಟ್ಟೆಗೆ ಸೊನ್ನೆ ದಿನವೇ ಬೇರೆ. ಮೊದಲ ಮರಿಗಳು ಬಂದು ತಾಯಿ ಅವುಗಳ ಜೊತೆ ಎದ್ದು ಹೋದಾಗ ಅದು ಅರ್ಧ ಬೆಳೆದು ಹಾಳಾಗುತ್ತದೆ. ಗುರುತಿಲ್ಲದ ಮೊಟ್ಟೆ ಕಂಡರೆ ಆವತ್ತೇ ತೆಗೆದುಬಿಡಿ.

ಹೇಂಟೆಯ ಮೊದಲ ಮರಿ ಕೂಗಿದ್ದು ಮಾರ್ಚ್ 7ರ ರಾತ್ರಿ. ಬೆಳಗಾಗುವ ಹೊತ್ತಿಗೆ ರೆಕ್ಕೆಯ ಸಂದಿಯಿಂದ ಪುಟ್ಟ ತಲೆಗಳು ಇಣುಕುತ್ತಿದ್ದವು. ಅಷ್ಟು ಖುಷಿ ಆಗಿತ್ತು ಎಂದರೆ, ಆ ದಿನ ಮೆಷಿನ್‌ನ ಕೆಲಸವೂ ಇದೆ ಎನ್ನುವುದನ್ನು ಅಜ್ಜಿಯೇ ನೆನಪಿಸಿದರು. 18 ದಿನ ತುಂಬುವುದು ಮಾರ್ಚ್ 8ರ ಬುಧವಾರ ಸಂಜೆ. 18ಕ್ಕೆ 18 ಕೂಡಿಸಿದರೆ 36, ಅದರಲ್ಲಿ 28 ಕಳೆದರೆ 8. ಇಲ್ಲಿಂದ ಮೊಟ್ಟೆ ತಿರುಗಿಸಬಾರದು. ಅಲ್ಲಿಯವರೆಗೆ ತಿರುಗಿಸುವುದು ಮರಿ ಒಳ ಪೊರೆಗೆ ಅಂಟಿಕೊಳ್ಳದಿರಲಿ ಎಂದು. ಈಗ ಮರಿ ದಪ್ಪ ತುದಿಯ ಗಾಳಿ ಜಾಗದ ಕಡೆಗೆ ಕೊಕ್ಕು ತಿರುಗಿಸಿ ಸಜ್ಜಾಗುವ ಸಮಯ, ಅಲುಗಾಡಿಸದೆ ಬಿಡಬೇಕು. ತಿರುಗಿಸುವ ಟ್ರೇ ತೆಗೆದು, ಕಾಲು ಜಾರದ ಹಾಗೆ ಒರಟಾದ ಹಾಸು ಹಾಕಿ, ನೀರು ತುಂಬಿಸಿದೆವು. ಅದುವರೆಗೆ ತೇವಾಂಶ 50ರ ಸುಮಾರಿಗೆ ಇತ್ತು, ಅದನ್ನು 65ರಿಂದ 70ಕ್ಕೆ ಏರಿಸಿ ಮುಚ್ಚಳ ಹಾಕಿದೆವು. ತಾರೀಖು ತಪ್ಪಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದು ಈ ಒಂದು ದಿನಕ್ಕಾಗಿಯೇ. ತಡವಾಗಿ ಎಣಿಸಿದರೆ ಮರಿ ಸಿಪ್ಪೆ ಒಡೆಯಲು ಶುರು ಮಾಡಿದರೂ ಟ್ರೇ ತಿರುಗುತ್ತಲೇ ಇರುತ್ತದೆ.

ಆಮೇಲಿನ ಕಾಯುವಿಕೆ ನಿಜಕ್ಕೂ ಕಷ್ಟದ್ದು. ಗುರುವಾರ ಏನೂ ಇಲ್ಲ. ಶುಕ್ರವಾರ ಸಂಜೆ ಹತ್ತಿರ ಕಿವಿ ಇಟ್ಟರೆ ಸಣ್ಣ ಚಿಂವ್ ಚಿಂವ್, ರಾತ್ರಿ ಒಂದು ಸಿಪ್ಪೆಯಲ್ಲಿ ಕಾಳಿನಷ್ಟು ಒಡಕು. ಶನಿವಾರ ಬೆಳಿಗ್ಗೆ ಮೊದಲ ಮರಿ ಹೊರಗೆ ಬಂತು, ಸಂಜೆಯೊಳಗೆ ಹೆಚ್ಚಿನವು ಬಂದವು. ಒಂದು ಮೊಟ್ಟೆ ಮಾತ್ರ ಒಡಕು ಬಿಟ್ಟು ಗಂಟೆಗಟ್ಟಲೆ ಹಾಗೇ ಇತ್ತು. ಸಿಪ್ಪೆ ಬಿಡಿಸಿ ಸಹಾಯ ಮಾಡೋಣ ಎಂದು ಮನೆಯವರಿಗೆಲ್ಲ ಅನ್ನಿಸಿತು. ಒಡಕು ಬಿಟ್ಟ ಮೇಲೆ ಪೂರ್ತಿ ಹೊರಗೆ ಬರಲು 12ರಿಂದ 24 ಗಂಟೆ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಮರಿ ಹಳದಿಯ ಉಳಿದ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ನರಗಳಲ್ಲಿ ರಕ್ತ ಇನ್ನೂ ಇರುತ್ತದೆ. ಬಿಡಿಸಿದರೆ ರಕ್ತ ಸುರಿದು ಸಾಯಬಹುದು. ಬಿಟ್ಟೆವು. ಭಾನುವಾರ ಬೆಳಗಿನ ಜಾವ ಅದು ತಾನೇ ಬಂತು. ಮೊದಲು ಬಂದ ಮರಿಗಳಿಗೆ ಹಸಿವಾಗುತ್ತದೆ ಎಂದು ಮುಚ್ಚಳ ತೆಗೆಯುವ ಅಗತ್ಯವೂ ಇಲ್ಲ. ಆ ಹಳದಿಯ ಬಲದ ಮೇಲೆ ಅವು ಎರಡು ದಿನ ಆರಾಮಾಗಿ ಇರುತ್ತವೆ.

ಭಾನುವಾರ ಬಂದ ಮೊಟ್ಟೆಗಳ ಮೇಲೆ ಬರೆದ ತಾರೀಖು ನೋಡಿದರೆ, ಅವು ಇನ್‌ಕ್ಯುಬೇಟರಿಗೆ ಹೋಗುವ ಮೊದಲು ಜಾಸ್ತಿ ದಿನ ಕೂಡಿಟ್ಟವೇ ಆಗಿದ್ದವು. ಒಂದು ವಾರ ದಾಟಿ ಇಟ್ಟ ಮೊಟ್ಟೆ ದಿನಕ್ಕೆ ಸುಮಾರು ಒಂದು ಗಂಟೆಯಂತೆ ತಡವಾಗಿ ಒಡೆಯುತ್ತದೆ ಎನ್ನುತ್ತಾರೆ, ಮರಿ ಆಗುವ ಸಾಧ್ಯತೆಯೂ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಒಟ್ಟಿಗೆ ಬರಬೇಕೆಂದರೆ ಹೆಚ್ಚು ಕಡಿಮೆ ಒಂದೇ ವಾರದ ಮೊಟ್ಟೆ ಆರಿಸಿ. ಸಣ್ಣ ಜಾತಿಯ ಬ್ಯಾಂಟಮ್ ಕೋಳಿಯ ಮೊಟ್ಟೆ ಜೊತೆಗೆ ಇದ್ದರೆ ಅವು ಒಂದು ದಿನ ಮೊದಲೇ ಒಡೆಯಬಹುದು ಎನ್ನುವುದೂ ನೆನಪಿರಲಿ.

ಮುಂದಿನ ಸಲಕ್ಕೆ ನಾವು ಲೆಕ್ಕವನ್ನು ತಿರುಗಿಸಿ ಹಾಕುತ್ತಿದ್ದೇವೆ. ಮರಿ ಬರುವ ದಿನ ಮನೆಯಲ್ಲಿ ಜನ ಇರಬೇಕು, ಅದಕ್ಕೆ ಮೊದಲು ಆ ದಿನ ಆರಿಸಿಕೊಂಡು 21 ಕಳೆಯುವುದು. ಏಪ್ರಿಲ್ 15ಕ್ಕೆ ಮರಿ ಬೇಕೆಂದರೆ, 15 ದಿನ ಹಿಂದಕ್ಕೆ ಹೋದರೆ ಮಾರ್ಚ್ 31, ಇನ್ನೂ 6 ದಿನ ಹಿಂದಕ್ಕೆ ಮಾರ್ಚ್ 25. ಆವತ್ತು ಇಡಬೇಕು. ವಾರದ ರಜೆ ಶನಿವಾರ, ಭಾನುವಾರ ಇರುವವರಿಗೆ ಶನಿವಾರ ಇಡುವುದೇ ಅನುಕೂಲ. ಒಡಕು, ಮರಿ, ತಡವಾದವು ಎಲ್ಲವೂ ರಜೆಯ ಆಸುಪಾಸಿನಲ್ಲೇ ಬರುತ್ತವೆ.

ಉಳಿದ ಮೊಟ್ಟೆಗಳನ್ನು 23 ದಿನ ತುಂಬುವವರೆಗೆ, ಅಂದರೆ ಮಾರ್ಚ್ 13ರ ಸೋಮವಾರ ಸಂಜೆಯವರೆಗೆ ಒಳಗೇ ಬಿಟ್ಟೆವು. ಆಮೇಲೆ ಟಾರ್ಚ್ ಹಿಡಿದು ನೋಡಿ, ಶಬ್ದವೂ ಇಲ್ಲ ಅಲುಗಾಟವೂ ಇಲ್ಲ ಎಂದು ಖಚಿತ ಮಾಡಿಕೊಂಡು ತೆಗೆದೆವು. ನಮ್ಮಲ್ಲಿ ಹೆಚ್ಚಿನವು ಹೇಳಿದ ದಿನಕ್ಕೇ ಬಂದದ್ದರಿಂದ ಮೆಷಿನ್‌ನ ಬಿಸಿ ಸರಿ ಇದೆ ಎಂದೂ ಗೊತ್ತಾಯಿತು. ನಿಮ್ಮಲ್ಲಿ ಇಡೀ ಟ್ರೇ ಒಂದು ದಿನ ತಡವಾಗಿ ಬಂದರೆ ಬಿಸಿ ಅರ್ಧ ಡಿಗ್ರಿಯಷ್ಟು ಕಡಿಮೆ ಇದ್ದಿರಬಹುದು, ಮೊದಲೇ ಬಂದರೆ ಹೆಚ್ಚಿದ್ದಿರಬಹುದು. ಆಗ ಇನ್ನೊಂದು ಒಳ್ಳೆಯ ಥರ್ಮಾಮೀಟರ್ ಮೊಟ್ಟೆಗಳ ಪಕ್ಕ ಇಟ್ಟು ತಾಳೆ ನೋಡಿ ಮೆಷಿನ್ ಸರಿಪಡಿಸಿ. ಕ್ಯಾಲೆಂಡರಿನ 21ನ್ನು 22 ಎಂದು ತಿದ್ದಲು ಹೋಗಬೇಡಿ.